ಅಳಿಯನ ಓಟದ ಪ್ಲಾನಿಗೆ ಕತ್ತರಿ: ಈವರೆಗೆ ಆದದ್ದು

ಶನಿವಾರ

ಪೆರ್ಲದಿಂದ ತಂಗಿಯ ಮಗ ವಾಟ್ಸಾಪಿನಲ್ಲಿ ಒಂದು ಎಕ್ಸೆಲ್ ಶೀಟ್ ಕಳಿಸಿದ್ದಾನೆ. "ಮಾವ, 10 ಕಿ.ಮೀ. 50 ನಿಮಿಷದಲ್ಲಿ ಓಡ್ಬೇಕು. 8 ವಾರ ಸಾಕಲ್ವಾ? ಒಮ್ಮೆ ನೋಡಿ ಹೇಳಿ." ಓಡಲು ಶುರು ಮಾಡಿ ಮೂರು ವಾರ ಆಗಿದೆಯಂತೆ.

ಮೊದಲು ಗುರಿಯನ್ನೇ ನೋಡಿದೆ. ಅವನು ಈಗ ಜೀವ ಬಿಟ್ಟು ಓಡಿದರೆ 5 ಕಿ.ಮೀ.ಗೆ 35 ನಿಮಿಷ ಬೇಕು. ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಓಟಗಾರರು ಬಳಸುವ ರೀಗಲ್ ಸೂತ್ರದಲ್ಲಿ 2.08ರಿಂದ ಗುಣಿಸಿದರೆ ಸುಮಾರು 73 ನಿಮಿಷ ಬರುತ್ತದೆ. ಅದೂ ಅಷ್ಟು ದೂರ ಓಡಿ ರೂಢಿ ಇದ್ದರೆ. ಅದೇ ಲೆಕ್ಕ ಹಿಂದಕ್ಕೆ ಹಾಕಿದರೆ, 50 ನಿಮಿಷಕ್ಕೆ ಮುಗಿಸುವವನು 5 ಕಿ.ಮೀ.ಯನ್ನು 24 ನಿಮಿಷದಲ್ಲಿ ಓಡುವವನಾಗಿರಬೇಕು. ಎರಡು ತಿಂಗಳಲ್ಲಿ 35ರಿಂದ 24ಕ್ಕೆ ಇಳಿಸುವುದು ಆಗುಹೋಗುವ ಮಾತಲ್ಲ.

ವಾರದ ಒಟ್ಟು ದೂರ ಹೀಗಿದೆ: 12, 18, 25, 34. ನಾಲ್ಕನೇ ವಾರಕ್ಕೆ ಹೆಚ್ಚು ಕಡಿಮೆ ಮೂರು ಪಟ್ಟು. ಭಾನುವಾರದ ಉದ್ದ ಓಟ 8ರಿಂದ ಒಮ್ಮೆಲೇ 12ಕ್ಕೆ ಜಿಗಿಯುತ್ತದೆ. ಶುಕ್ರವಾರದ ಕೋಣೆಯಲ್ಲಿ "ರೆಸ್ಟ್ - ಲೈಟ್ ರನ್ 4 ಕಿ.ಮೀ." ಅಂತ ಬರೆದಿದ್ದಾನೆ. ನಗು ಬಂತು. ಹಾಗಾದರೆ ವಾರದಲ್ಲಿ ಓಡದ ದಿನ ಒಂದೂ ಇಲ್ಲ.

ಭಾನುವಾರ

ಫೋನ್ ಮಾಡಿದೆ. "ದಮ್ಮು ಚೆನ್ನಾಗಿದೆ ಮಾವ, ಕಾಲು ಮಾತ್ರ ಸ್ವಲ್ಪ ಹಿಡಿತದೆ" ಅಂದ. ಹೊಸಬರಲ್ಲಿ ಆಗುವುದೇ ಹೀಗೆ. ಉಸಿರು ಬೇಗ ಪಳಗುತ್ತದೆ, ಮೂರು ವಾರದಲ್ಲೇ ಗೊತ್ತಾಗುತ್ತದೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಅದರಲ್ಲೂ ಮೂಳೆಯ ರೀತಿ ವಿಚಿತ್ರ. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯದನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಿನ ಕೆಲವು ವಾರ ಅದು ಮೊದಲಿಗಿಂತ ಸ್ವಲ್ಪ ಸೋತಿರುತ್ತದೆ. ಉಸಿರಿನ ಹುಮ್ಮಸ್ಸಿನಲ್ಲಿ ದೂರ ಏರಿಸುವುದೂ ಸರಿಯಾಗಿ ಅದೇ ಹೊತ್ತಿಗೆ.

ಮೊಣಕಾಲಿನ ಕೆಳಗೆ, ಒಳಬದಿಯ ಮೂಳೆಯ ಅಂಚಿನಲ್ಲಿ ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತುತ್ತಾ ಹೋಗಲು ಹೇಳಿದೆ. ನಾಲ್ಕು ಬೆರಳಗಲದಷ್ಟು ಉದ್ದಕ್ಕೂ ನೋವು ಹರಡಿದೆ. ಒಂದೇ ಚುಕ್ಕೆಯಂಥ ಜಾಗದಲ್ಲಿ "ಅಯ್ಯೋ" ಅನ್ನಿಸುತ್ತದಾ? ಇಲ್ಲ. ರಾತ್ರಿ ಮಲಗಿದಾಗ? ಇಲ್ಲ. ಒಂಟಿ ಕಾಲಲ್ಲಿ ಕುಪ್ಪಳಿಸಿದರೂ ಚುಚ್ಚುವುದಿಲ್ಲ. ಹಾಗಾಗಿ ಇದು ಶಿನ್ ಸ್ಪ್ಲಿಂಟ್, ಅಂದರೆ ಓಟ ಹೆಚ್ಚಾಗಿ ಮೊಣಕಾಲ ಕೆಳಗಿನ ಮೂಳೆಯ ಅಂಚಿಗೆ ಬರುವ ನೋವು ಇರಬೇಕು. ಇವುಗಳಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಮೂಳೆ ಬಿರುಕಿನ ಸಂಶಯ. ಆಗ ಫೋನಿನಲ್ಲಿ ಲೆಕ್ಕ ಹಾಕುತ್ತಾ ಕೂರದೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

ಬುಧವಾರ

ಹೊಸ ಪ್ಲಾನ್ ಕಳಿಸಿದೆ. ಒತ್ತಿದಾಗ ನೋವು ಇಲ್ಲವಾಗುವ ತನಕ ನಡಿಗೆ ಮಾತ್ರ. ಆಮೇಲೆ ಮಂಗಳ, ಗುರು, ಭಾನು ಮೂರೇ ಓಟ, ಒಟ್ಟು 9 ಕಿ.ಮೀ. ಅಲ್ಲಿಂದ 10, 12, ಮತ್ತೆ ಇಳಿಸಿ 9. ಮೂರು ವಾರ ಏರು, ಒಂದು ವಾರ ಇಳಿಕೆ. ಉದ್ದ ಓಟ ಒಮ್ಮೆಗೆ ಒಂದು ಕಿ.ಮೀ.ಗಿಂತ ಜಾಸ್ತಿ ಏರುವಂತಿಲ್ಲ. ಸ್ಕ್ವಾಟ್ ಬೇಕಿದ್ದರೆ ಓಡಿದ ದಿನವೇ ಸಂಜೆ ಮಾಡಲಿ, ಬಿಡುವಿನ ದಿನ ಪೂರ್ತಿ ಖಾಲಿ ಇರಲಿ.

"ವಾರಕ್ಕೆ 10 ಶೇಕಡಾ ಮಾತ್ರ ಏರಿಸ್ಬೇಕು ಅಂತಾರಲ್ವಾ?" ಅಂತ ಕೇಳಿದ. ಅದು ಹಿಡಿತಕ್ಕೊಂದು ಅಂದಾಜು, ಅಷ್ಟೇ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಹೊಸ ಓಟಗಾರರ ಮೇಲೆ ಇದನ್ನೇ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ್ದರು. 10 ಶೇಕಡಾದಂತೆ 13 ವಾರ ಏರಿಸಿದವರಲ್ಲೂ, 8 ವಾರದ ಮಾಮೂಲಿ ಪ್ಲಾನಿನವರಲ್ಲೂ ಸುಮಾರು ಐದರಲ್ಲೊಬ್ಬರಿಗೆ ಗಾಯವಾಗಿತ್ತು. ಆದ್ದರಿಂದ ಶೇಕಡಾ ನಂಬಿ ಕಣ್ಣು ಮುಚ್ಚಿ ಓಡುವುದಲ್ಲ, ಕಾಲು ಏನು ಹೇಳುತ್ತದೆ ನೋಡಬೇಕು. ಹಾಗೆಂದು ಅವನ 36-50 ಶೇಕಡಾದ ಜಿಗಿತಕ್ಕೆ ಆ ಅಧ್ಯಯನ ಪರವಾನಗಿ ಕೊಡುವುದಿಲ್ಲ.

ವೇಗದ ಓಟ ತೆಗೆದುಹಾಕಿದೆ. ಸದ್ಯ ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನಕ್ಕೆ ಓಡಲಿ. ನಮ್ಮ ಕರಾವಳಿಯ ಸೆಕೆಯಲ್ಲಿ ವಾಚಿನ ಪೇಸ್ ನೋಡಿ ಓಡಿದರೆ ಬೆವರು ಮಾತ್ರ ಲಾಭ. ಗುರಿ: 14 ವಾರದಲ್ಲಿ ನಿಲ್ಲದೆ 10 ಕಿ.ಮೀ., ಸಮಯ 70 ನಿಮಿಷದ ಆಸುಪಾಸು.

ಮುಂದಿನ ಶನಿವಾರ

ನೋವು ಇಳಿದಿಲ್ಲ. ಆಶ್ಚರ್ಯವಾಯಿತು, ನಡಿಗೆ ಮಾತ್ರ ತಾನೇ? ಕೆದಕಿ ಕೇಳಿದಾಗ ಹೊರಗೆ ಬಂತು. ಬಿಡುವಿನ ಎರಡು ದಿನ ತೋಟದಲ್ಲಿ ಅಡಿಕೆಗೆ ಮದ್ದು ಬಿಡಲು ಜನ ಬಂದಿದ್ದರು. ಇವನು ಬೆಳಗ್ಗಿನಿಂದ ಜಾರುವ ಇಳಿಜಾರಿನಲ್ಲಿ ಪೈಪ್ ಎಳೆದಿದ್ದಾನೆ, ಮೈಲುತುತ್ತಿನ ನೀರು ಹೊತ್ತಿದ್ದಾನೆ. "ಓಡ್ಲಿಲ್ಲ ಮಾವ, ರೆಸ್ಟೇ." ಕಾಲಿಗೆ ಓಟ ಯಾವುದು, ತೋಟ ಯಾವುದು ಅಂತ ಗೊತ್ತಾಗುತ್ತದೆಯೇ? ಶೀಟಿನಲ್ಲಿ "ತೋಟದ ಕೆಲಸ" ಅಂತ ಒಂದು ಕಾಲಂ ಸೇರಿಸಿದೆ. ಮದ್ದು ಬಿಟ್ಟ ದಿನ ಅದು ಓಡಿದ ದಿನವೆಂದೇ ಲೆಕ್ಕ, ಮರುದಿನ ಖಾಲಿ.

ಗುರುವಾರ

ಒತ್ತಿದರೆ ಈಗ ನೋವಿಲ್ಲ. ಇವತ್ತು 2 ಕಿ.ಮೀ. ಓಡಿದ, ಮಣ್ಣಿನ ಸಪಾಟು ದಾರಿಯಲ್ಲಿ. ನಾಳೆ ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಮತ್ತೆ ಒತ್ತಿ ನೋಡಿ ಹೇಳುತ್ತಾನೆ. ಸರಿಯಿದ್ದರೆ ಭಾನುವಾರ 3.