ಗೃಹಸಾಲದ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು: ತಿಂಗಳುವಾರು ಪಟ್ಟಿಯ ಕೆಲಸ ಎಲ್ಲಿಗೆ ಬಂತು

ಗೃಹಸಾಲದ ಪ್ರತಿ ಕಂತಿನಲ್ಲಿ ಬಡ್ಡಿಗೆ ಹೋಗುವ ಪಾಲು ಯಾವುದು, ಅಸಲನ್ನು ಇಳಿಸುವ ಪಾಲು ಯಾವುದು ಎಂಬುದನ್ನು ತಿಂಗಳುವಾರು ತೋರಿಸುವ ಪಟ್ಟಿಯೊಂದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಪರೀಕ್ಷೆಗಾಗಿ 30 ಲಕ್ಷ ರೂಪಾಯಿ ಸಾಲ, ವಾರ್ಷಿಕ ಶೇ. 8.5 ಬಡ್ಡಿ, 20 ವರ್ಷಗಳ ಅಂದರೆ 240 ತಿಂಗಳ ಅವಧಿಯನ್ನು ಇಟ್ಟುಕೊಂಡಿದ್ದೇನೆ. ಮೊದಲ ಕರಡು ಮುಗಿದಿದೆ; ಬಡ್ಡಿ ದರ ಬದಲಾದಾಗ ಏನಾಗುತ್ತದೆ ಎಂಬ ಎರಡನೆಯ ಭಾಗವೂ ಬಹುಮಟ್ಟಿಗೆ ಕೂಡಿಬಂದಿದೆ.

ಮೊದಲ ಕರಡು

ಹಾಳೆಯ ಮೇಲ್ಭಾಗದಲ್ಲಿ B1ರಲ್ಲಿ ಸಾಲದ ಮೊತ್ತ, B2ರಲ್ಲಿ ವಾರ್ಷಿಕ ದರ, B3ರಲ್ಲಿ ತಿಂಗಳುಗಳ ಸಂಖ್ಯೆ, B4ರಲ್ಲಿ ಕಂತು ಇವೆ. ಪಟ್ಟಿ 7ನೆಯ ಸಾಲಿನಿಂದ ಆರಂಭವಾಗುತ್ತದೆ. A ಕಾಲಂನಲ್ಲಿ ತಿಂಗಳು, B ಕಾಲಂನಲ್ಲಿ ತಿಂಗಳ ಆರಂಭದ ಬಾಕಿ, C ಕಾಲಂನಲ್ಲಿ ದರ, ಅನಂತರ ಕ್ರಮವಾಗಿ ಬಡ್ಡಿ, ಕಂತು, ಅಸಲು, ಮುಂಗಡವಾಗಿ ಕಟ್ಟಿದ ಹಣ ಮತ್ತು ತಿಂಗಳ ಕೊನೆಯ ಬಾಕಿ.

```
B4: =ROUND(PMT(B2/12,B3,-B1),0)
B7: =B1
C7: =B2
D7: =ROUND(B7*C7/12,2)
E7: =MIN($B$4,B7+D7)
F7: =E7-D7
H7: =B7-F7-G7
B8: =H7
C8: =C7
```

ಇಡೀ ಪಟ್ಟಿ ನಿಂತಿರುವುದು D7ರ ಮೇಲೆ. ಬಡ್ಡಿಯನ್ನು ಲೆಕ್ಕ ಹಾಕುವುದು ಮೂಲ ಸಾಲದ ಮೇಲಲ್ಲ, ಆ ತಿಂಗಳಿನಲ್ಲಿ ಉಳಿದಿರುವ ಬಾಕಿಯ ಮೇಲೆ ಮಾತ್ರ; ಕಂತಿನಿಂದ ಬಡ್ಡಿಯನ್ನು ಕಳೆದ ಮೇಲೆ ಉಳಿದದ್ದೇ ಅಸಲಿಗೆ ಸಲ್ಲುತ್ತದೆ. ಇಲ್ಲಿ ಕಂತು 26,035 ರೂಪಾಯಿ ಬರುತ್ತದೆ. ಮೊದಲ ತಿಂಗಳ ಬಡ್ಡಿ 21,250 ರೂಪಾಯಿಯಾದ್ದರಿಂದ ಅಸಲಿಗೆ ಹೋಗುವುದು 4,785 ರೂಪಾಯಿ ಮಾತ್ರ. ಬಾಕಿ 29,95,215ಕ್ಕೆ ಇಳಿದ ಕಾರಣ ಎರಡನೆಯ ತಿಂಗಳ ಬಡ್ಡಿ 21,216.11 ಆಗಿ, ಅಸಲಿನ ಪಾಲು 4,818.89ಕ್ಕೆ ಏರುತ್ತದೆ. ಹೀಗೆ ತಿಂಗಳಿಗೆ ಮೂವತ್ತು ಚಿಲ್ಲರೆ ರೂಪಾಯಿಯಷ್ಟು ಬಡ್ಡಿಯಿಂದ ಅಸಲಿನ ಕಡೆಗೆ ಸರಿಯುತ್ತ, ಆ ಸರಿಯುವಿಕೆ ನಿಧಾನವಾಗಿ ವೇಗ ಪಡೆಯುತ್ತದೆ.

ಆ ವೇಗ ಎಷ್ಟು ನಿಧಾನ ಎಂಬುದು ಪಟ್ಟಿಯನ್ನು ಕೆಳಕ್ಕೆ ಎಳೆಯುತ್ತ ಹೋದಾಗ ತಿಳಿಯುತ್ತದೆ. ಮೊದಲ ವರ್ಷದಲ್ಲಿ ಕಟ್ಟಿದ 3,12,420 ರೂಪಾಯಿಯಲ್ಲಿ ಅಸಲಿಗೆ ಸೇರುವುದು ಸುಮಾರು 59,700 ರೂಪಾಯಿ. ಅಸಲಿನ ಪಾಲು ಬಡ್ಡಿಯ ಪಾಲನ್ನು ಮೊದಲ ಬಾರಿಗೆ ಮೀರುವುದು 143ನೆಯ ಕಂತಿನಲ್ಲಿ, ಅಂದರೆ ಹನ್ನೆರಡನೆಯ ವರ್ಷ ಮುಗಿಯುವ ಹೊತ್ತಿಗೆ. ಅರ್ಧ ಅವಧಿ ಕಳೆದರೆ ಅರ್ಧ ಸಾಲ ತೀರಿರುತ್ತದೆ ಎಂಬ ಸಾಮಾನ್ಯ ಊಹೆಗೆ ಇಲ್ಲಿ ಯಾವ ಆಧಾರವೂ ಇಲ್ಲ.

ಸರಿ ನೋಡಲು ಎರಡು ಉಪಾಯಗಳನ್ನು ಇಟ್ಟುಕೊಂಡಿದ್ದೇನೆ. F ಕಾಲಂ ಮತ್ತು G ಕಾಲಂಗಳ ಒಟ್ಟು ಮೊತ್ತ ಮೂಲ ಸಾಲಕ್ಕೆ ಸಮನಾಗಿರಬೇಕು. ಹಾಗೆಯೇ ಮೊದಲ ಹನ್ನೆರಡು ತಿಂಗಳ ಬಡ್ಡಿಯ ಮೊತ್ತವು, ದರ ಬದಲಾಗದೆ ಮುಂಗಡವೂ ಇಲ್ಲದಿರುವಾಗ, `=CUMIPMT(B2/12,B3,B1,1,12,0)` ಕೊಡುವ ಸುಮಾರು 2,52,709 ರೂಪಾಯಿಗೆ ಹೊಂದಬೇಕು. ಈ ಸೂತ್ರ ಉತ್ತರವನ್ನು ಋಣ ಚಿಹ್ನೆಯೊಂದಿಗೆ ಕೊಡುತ್ತದೆ. ಕಂತನ್ನು ಪೂರ್ಣ ರೂಪಾಯಿಗೆ ಏರಿಸಿರುವುದರಿಂದ ಕೊನೆಯ ಕಂತು ಉಳಿದವುಗಳಿಗಿಂತ ಸುಮಾರು 190 ರೂಪಾಯಿ ಕಡಿಮೆಯಾಗುತ್ತದೆ, ಅದಕ್ಕಾಗಿಯೇ E7ರಲ್ಲಿ `MIN` ಬಂದಿದೆ. ಅದಿಲ್ಲದಿದ್ದರೆ ಪಟ್ಟಿಯ ತುದಿಯಲ್ಲಿ ಬಾಕಿ ಸೊನ್ನೆಗಿಂತ ಕೆಳಗಿಳಿಯುತ್ತದೆ.

ದರದ ಕಾಲಂ

ದರವನ್ನು ಒಂದೇ ಕೋಶದಲ್ಲಿ ಇಡದೆ ಪ್ರತಿ ಸಾಲಿಗೂ ಹಂಚಿದ್ದಕ್ಕೆ ಕಾರಣವಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಫ್ಲೋಟಿಂಗ್ ದರದ ಗೃಹಸಾಲಗಳನ್ನು ರೆಪೊ ದರದಂತಹ ಹೊರಗಿನ ಮಾನದಂಡವೊಂದಕ್ಕೆ ಜೋಡಿಸಬೇಕು, ಮೂರು ತಿಂಗಳಿಗೆ ಒಮ್ಮೆಯಾದರೂ ದರವನ್ನು ಪುನರ್‌ನಿಗದಿ ಮಾಡಬೇಕು. 2022ರ ಮೇ ತಿಂಗಳ ಆರಂಭದಲ್ಲಿ ಶೇ. 4 ಇದ್ದ ರೆಪೊ ದರ 2023ರ ಫೆಬ್ರವರಿಯ ವೇಳೆಗೆ ಶೇ. 6.5ಕ್ಕೆ ಏರಿತ್ತು. ಒಂದೇ ದರದ ಪಟ್ಟಿ ಇಂತಹ ಸಾಲಕ್ಕೆ ಸಾಲದು. C ಕಾಲಂನಲ್ಲಿ ದರ ಬದಲಾದ ತಿಂಗಳಿನ ಕೋಶದಲ್ಲಿ ಹೊಸ ದರವನ್ನು ಬರೆದರೆ ಕೆಳಗಿನ ಸಾಲುಗಳೆಲ್ಲ ಅದನ್ನೇ ಅನುಸರಿಸುತ್ತವೆ.

13ನೆಯ ತಿಂಗಳಿಗೆ ಶೇ. 9.5 ಎಂದು ಬರೆದು ನೋಡಿದೆ. ಆ ತಿಂಗಳ ಆರಂಭದಲ್ಲಿ ಬಾಕಿ ಸುಮಾರು 29,40,290 ರೂಪಾಯಿ. ಹಳೆಯ ದರದಲ್ಲಿ ಬಡ್ಡಿ 20,827, ಅಸಲು 5,208 ಆಗುತ್ತಿತ್ತು. ಹೊಸ ದರದಲ್ಲಿ ಬಡ್ಡಿ 23,277ಕ್ಕೆ ಏರಿ ಅಸಲಿಗೆ ಉಳಿಯುವುದು 2,758 ಮಾತ್ರ. ಬಡ್ಡಿ ದರ ಏರಿದ್ದು ಶೇಕಡ ಒಂದು ಅಂಶವಾದರೂ ಅಸಲಿನ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಿದೆ, ಏಕೆಂದರೆ ಕಂತು ಬದಲಾಗದಿರುವಾಗ ಹೆಚ್ಚುವರಿ ಬಡ್ಡಿ ಪೂರ್ತಿಯಾಗಿ ಬರುವುದು ಮೊದಲೇ ತೆಳುವಾಗಿರುವ ಅಸಲಿನ ಪಾಲಿನಿಂದಲೇ.

ಇದರ ಪರಿಣಾಮ ಅವಧಿಯ ಮೇಲೆ ಬೀಳುತ್ತದೆ. ಉಳಿದಿದ್ದ 228 ಕಂತುಗಳು 285 ಆಗುತ್ತವೆ. ಆದ್ದರಿಂದ ಸೂತ್ರಗಳನ್ನು 240 ಸಾಲುಗಳಿಗೆ ನಿಲ್ಲಿಸದೆ ನಾನೂರಕ್ಕೆ ಎಳೆದಿದ್ದೇನೆ. ಇಲ್ಲವಾದರೆ ಪಟ್ಟಿ ಮುಗಿದರೂ ಬಾಕಿ ಉಳಿದಿರುತ್ತದೆ, ಒಟ್ಟು ಬಡ್ಡಿಯ ಮೊತ್ತವೂ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಅವಧಿಯನ್ನು ಬೆಳೆಸದೆ 228 ತಿಂಗಳಲ್ಲೇ ತೀರಿಸಬೇಕೆಂದರೆ ಕಂತು ಸುಮಾರು 27,899 ಆಗಬೇಕು. ತಿಂಗಳಿಗೆ ಹೆಚ್ಚುವ ಹೊರೆ ಸುಮಾರು 1,860 ರೂಪಾಯಿ. ಆದರೆ ಎರಡೂ ದಾರಿಗಳಲ್ಲಿ ಕೊನೆಗೆ ಕಟ್ಟುವ ಒಟ್ಟು ಹಣವನ್ನು ಹೋಲಿಸಿದರೆ ಅವಧಿ ಬೆಳೆಸುವ ದಾರಿ ಸುಮಾರು ಹತ್ತೂವರೆ ಲಕ್ಷ ರೂಪಾಯಿ ದುಬಾರಿ.

ದರ ಇನ್ನೂ ಏರಿ ತಿಂಗಳ ಬಡ್ಡಿಯೇ ಕಂತನ್ನು ಮೀರಿದರೆ F ಕಾಲಂ ಋಣವಾಗಿ, ಕಂತು ಕಟ್ಟುತ್ತಿದ್ದರೂ ಬಾಕಿ ಬೆಳೆಯತೊಡಗುತ್ತದೆ. ಈ ಸಾಲದಲ್ಲಿ ಮೊದಲ ತಿಂಗಳೇ ದರ ಶೇ. 10.5 ಆಗಿದ್ದರೆ ಬಡ್ಡಿ 26,250 ಆಗಿ ಕಂತನ್ನು ದಾಟುತ್ತಿತ್ತು. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ಇಂತಹ ಸ್ಥಿತಿ ಬರದಂತೆ ನೋಡಿಕೊಳ್ಳಬೇಕೆಂದು ಸೂಚಿಸಿದೆ. ದರ ಪುನರ್‌ನಿಗದಿಯಾದಾಗ ಕಂತನ್ನು ಹೆಚ್ಚಿಸುವ, ಅವಧಿಯನ್ನು ಬೆಳೆಸುವ ಅಥವಾ ಎರಡನ್ನೂ ಸೇರಿಸಿಕೊಳ್ಳುವ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂಬುದೂ ಅದರಲ್ಲಿದೆ. F ಕಾಲಂ ಸೊನ್ನೆಗಿಂತ ಕೆಳಗಿಳಿದರೆ ಕೋಶ ಕೆಂಪಾಗುವಂತೆ ಮಾಡಿದ್ದೇನೆ.

ಮುಂಗಡ ಪಾವತಿ

G ಕಾಲಂ ಸರಳವಾದದ್ದು. ದರವನ್ನು ಮತ್ತೆ ಶೇ. 8.5ಕ್ಕೆ ತಂದು, 12ನೆಯ ತಿಂಗಳಿನಲ್ಲಿ ಒಂದು ಲಕ್ಷ ರೂಪಾಯಿಯನ್ನು ಬರೆದಾಗ, ಕಂತು ಹಾಗೆಯೇ ಇದ್ದರೆ ಉಳಿದ 228 ಕಂತುಗಳು 210ಕ್ಕೆ ಇಳಿದು, ಸುಮಾರು 3.7 ಲಕ್ಷ ರೂಪಾಯಿ ಬಡ್ಡಿ ಉಳಿಯಿತು. ಮುಂಗಡ ಕಟ್ಟಿದ ಮೇಲೆ ಅವಧಿಯ ಬದಲು ಕಂತನ್ನು ಇಳಿಸಿಕೊಂಡರೆ ಇಷ್ಟು ಉಳಿತಾಯವಾಗುವುದಿಲ್ಲ. ಆದ್ದರಿಂದ ಹಣ ಕಟ್ಟುವಾಗಲೇ ಯಾವುದು ಬೇಕೆಂದು ಲಿಖಿತವಾಗಿ ತಿಳಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಬಾಕಿ ಇರುವ ಕೆಲಸ

ಈ ಪಟ್ಟಿ ಎಲ್ಲ ತಿಂಗಳುಗಳನ್ನೂ ಸಮಾನವೆಂದು ಎಣಿಸುತ್ತದೆ. ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುವ ಕಡೆ 29,95,215 ರೂಪಾಯಿ ಬಾಕಿಗೆ 31 ದಿನಗಳ ತಿಂಗಳಿನಲ್ಲಿ ಸುಮಾರು 21,623, 28 ದಿನಗಳ ಫೆಬ್ರವರಿಯಲ್ಲಿ ಸುಮಾರು 19,530 ರೂಪಾಯಿ ಬರುತ್ತದೆ. ನನ್ನ ಪಟ್ಟಿ ಎರಡಕ್ಕೂ 21,216 ಎನ್ನುತ್ತದೆ. ಸಾಲದ ಖಾತೆಯ ವಿವರದಲ್ಲಿ ಬಡ್ಡಿ ತಿಂಗಳಿಂದ ತಿಂಗಳಿಗೆ ಹೀಗೆ ಏರಿಳಿಯುತ್ತಿದ್ದರೆ ಅದು ದಿನದ ಲೆಕ್ಕವೆಂದು ತಿಳಿಯಬಹುದು. ಅಂತಹ ಸಾಲಗಳಿಗಾಗಿ ಕಂತಿನ ದಿನಾಂಕದ ಕಾಲಂ ಒಂದನ್ನು ಸೇರಿಸಿ, D ಕಾಲಂನ ಸೂತ್ರದಲ್ಲಿ 12ರಿಂದ ಭಾಗಿಸುವ ಬದಲು ಎರಡು ದಿನಾಂಕಗಳ ನಡುವಿನ ದಿನಗಳಿಂದ ಗುಣಿಸಿ 365ರಿಂದ ಭಾಗಿಸುವ ಎರಡನೆಯ ಹಾಳೆಯನ್ನು ಈಗ ಬರೆಯುತ್ತಿದ್ದೇನೆ.