ಕೊನೆ ಬೆಂಚಿಗೆ ಕೇಳಿಸಿದ್ದು

ಇವತ್ತು ಮಂಡ್ಯದ ನಮ್ಮ ಒಂಬತ್ತನೇ ಕ್ಲಾಸಿನಲ್ಲಿ ಭಾಷಣದ ಪೀರಿಯಡ್. ಒಬ್ಬ ಹುಡುಗಿ ವಿಶ್ವೇಶ್ವರಯ್ಯ ನಾಲೆ ಬಗ್ಗೆ ಬರೆದಿದ್ದಳು. ಮೊದಲು ಗದ್ದೆಗೆ ನೀರು ಬಿಡುವ ದಿನದ ಚಿತ್ರ, ಆಮೇಲೆ ತೇಲಿ ಬರೋ ಪ್ಲಾಸ್ಟಿಕ್ಕು, ಕೊನೆಗೆ ಒಂದೇ ಬೇಡಿಕೆ. ಕಟ್ಟಿದ್ದು ಚೆನ್ನಾಗಿತ್ತು.

ಕೊನೆ ಬೆಂಚಿನವರು 'ಸೂಪರ್' ಅಂತ ಬರೆಯೋ ಹಾಗಿಲ್ಲ. ಭಾಷಣದ ಕೊನೇ ವಾಕ್ಯ ಎಷ್ಟು ಕೇಳಿಸ್ತೋ ಅಷ್ಟನ್ನೇ ಚೀಟಿಯಲ್ಲಿ ಬರೀಬೇಕು.

ಚೀಟಿಯಲ್ಲಿದ್ದದ್ದು: "ನಾಲೆಗೆ ನಾವ್ಯಾರೂ ಕಸ ಹಾಕ..."

'ಬಾರದು' ಯಾರಿಗೂ ತಲುಪಿರಲಿಲ್ಲ!

ಕನ್ನಡದಲ್ಲಿ ಮಾಡಬೇಕೋ ಬೇಡವೋ ಅನ್ನೋದು ವಾಕ್ಯದ ತುದಿಯಲ್ಲಿರುತ್ತೆ. ಮಕ್ಕಳ ಉಸಿರು ಮುಗಿಯೋದೂ ಅಲ್ಲೇ. ಜೋರಾಗಿ ಹೇಳು ಅಂದ್ರೆ ಮೊದಲ ಪದ ಕೂಗ್ತಾರೆ, ತುದಿಗೆ ಉಸಿರೇ ಉಳಿಯಲ್ಲ. ಅದಕ್ಕೇ ಆ ಮಾತನ್ನು ನಾನು ಹೇಳೋದೇ ಇಲ್ಲ.

ಅವಳ ವಾಕ್ಯ ಹೀಗಿತ್ತು: "ತಾತನ ಕಾಲದಿಂದ ನಮ್ಮ ಗದ್ದೆಗಳಿಗೆ ನೀರು ಕೊಡುತ್ತಿರುವ ಈ ನಾಲೆಗೆ ನಾವ್ಯಾರೂ ಕಸ ಹಾಕಬಾರದು." ಒಂದೇ ಉಸಿರಿಗೆ ಇಷ್ಟು ಭಾರ ಯಾಕೆ? ಇಬ್ಬರೂ ಕೂತು ಎರಡು ಮಾಡಿದ್ವಿ. "ಈ ನಾಲೆ ತಾತನ ಕಾಲದಿಂದ ನಮ್ಮ ಗದ್ದೆಗೆ ನೀರು ಕೊಟ್ಟಿದೆ. ಇದಕ್ಕೆ ಕಸ ಹಾಕಬಾರದು." ನಡುವೆ ಪೆನ್ಸಿಲ್ಲಿನಲ್ಲಿ ಒಂದು ಓರೆ ಗೆರೆ. ಅಲ್ಲಿ ನಿಂತು ಉಸಿರು ತಗೊಳ್ಳಬೇಕು. 'ಹಾಕಬಾರದು' ಅನ್ನೋದನ್ನಷ್ಟೇ ಬಿಡಿಸಿ ಬಿಡಿಸಿ ಹೇಳಿಸಿದೆ, ಕೂಗದೆ, ನಿಧಾನಕ್ಕೆ.

ಮತ್ತೆ ಹೇಳಿದಳು. ಈ ಸಲ ಚೀಟಿಗಳಲ್ಲಿ ವಾಕ್ಯ ಪೂರ್ತಿ ಬಂತು. ಒಬ್ಬ ಮಾತ್ರ ಕೆಳಗೆ ಸೇರಿಸಿದ್ದ: "ಕೇಳಿಸ್ತು ಮಿಸ್, ಆದ್ರೆ ಅವಳು ನಮ್ಮ ಕಡೆ ನೋಡ್ಲೇ ಇಲ್ಲ."

ಸರಿಯಾಗೇ ಹೇಳಿದಾನೆ. ಮುಂದಿನ ಪೀರಿಯಡ್ ಅದಕ್ಕೇ.