ಮಾತ್ರೆಯ ಹಾಳೆಗೆ ಓರೆ ಬೆಳಕು

“ಔಷಧಿ ಕಪಾಟಿನ ಬಾಗಿಲು ತೆಗೆದು ಒಂದು ಫೋಟೋ ಹೊಡೆದಿಟ್ಟುಕೊಂಡರೆ ಆಯ್ತಲ್ವಾ? ಒಂದೊಂದನ್ನೇ ಹೊರಗೆ ತೆಗೆದು ಯಾಕೆ ಒದ್ದಾಡ್ತೀರಿ?”

ಮನೆಯಲ್ಲಿರುವ ಔಷಧಿಗಳ ಎಕ್ಸ್‌ಪೈರಿ ತಾರೀಖನ್ನು ಫೋಟೋ ತೆಗೆದು ಪಟ್ಟಿ ಮಾಡುತ್ತೇನೆ ಅಂದರೆ ಬರುವ ಪ್ರಶ್ನೆ ಇದು. ಆ ಫೋಟೋವನ್ನು ನಾನೂ ತೆಗೆಯುತ್ತೇನೆ, ಮೊದಲು ತೆಗೆಯುವುದೇ ಅದನ್ನು. ಯಾವ ಡಬ್ಬಿ ಯಾವ ಖಾನೆಯಲ್ಲಿತ್ತು ಅಂತ ಆಮೇಲೆ ನೋಡಿಕೊಳ್ಳಲು ಅದು ಬೇಕು. ಆದರೆ ಅದರಲ್ಲಿ ತಾರೀಖು ಹುಡುಕಲು ಹೋದರೆ ಒಂದೂ ಸಿಗುವುದಿಲ್ಲ. ಡಬ್ಬಿಯ ಮುಖದಲ್ಲಿ ಇರುವುದು ಹೆಸರು. ತಾರೀಖು ಇರುವುದು ಡಬ್ಬಿಯ ಮುಚ್ಚಳದ ಮಡಿಕೆಯಲ್ಲಿ, ಬಾಟಲಿಯ ತಳದಲ್ಲಿ, ಇಲ್ಲವೇ ಮಾತ್ರೆ ಹಾಳೆಯ ಅಂಚಿನಲ್ಲಿ. ಹಾಗಾಗಿ ಎಲ್ಲವನ್ನೂ ಮೇಜಿನ ಮೇಲೆ ಇಳಿಸಲೇಬೇಕು.

ನಾನು ಗಾಢ ಬಣ್ಣದ, ಹೊಳಪಿಲ್ಲದ ಬಟ್ಟೆಯೊಂದನ್ನು ಹಾಸಿ, ಒಂದು ಸಲಕ್ಕೆ ಆರೇಳು ವಸ್ತುಗಳನ್ನು ಸಾಲಾಗಿ ಇಡುತ್ತೇನೆ. ಪ್ರತಿಯೊಂದರ ಪಕ್ಕ ಒಂದು ನಂಬರಿನ ಚೀಟಿ. ಮೊದಲು ಹೆಸರು ಮೇಲಾಗಿ ಒಂದು ಫೋಟೋ, ಆಮೇಲೆ ಅದೇ ಚೀಟಿಗಳನ್ನು ಅಲುಗಿಸದೆ ವಸ್ತುಗಳನ್ನಷ್ಟೇ ತಿರುಗಿಸಿ ತಾರೀಖು ಮೇಲಾಗಿ ಇನ್ನೊಂದು. ಚೀಟಿ ಇಲ್ಲದೆ ಮಾಡಿದ ಮೊದಲ ಸಲ ನನ್ನ ಬಳಿ ಇಪ್ಪತ್ತು ಬೆಳ್ಳಿ ಹಾಳೆಗಳ ಬೆನ್ನಿನ ಫೋಟೋ ಇತ್ತು, ಯಾವುದು ಯಾವುದರ ಬೆನ್ನು ಅಂತ ಮಾತ್ರ ಗೊತ್ತಾಗಲಿಲ್ಲ.

ಒದ್ದಾಟ ಶುರುವಾಗುವುದೇ ಈ ಬೆಳ್ಳಿ ಹಾಳೆಗಳಲ್ಲಿ. ಎಷ್ಟೋ ಹಾಳೆಗಳಲ್ಲಿ ತಾರೀಖನ್ನು ಶಾಯಿಯಲ್ಲಿ ಮುದ್ರಿಸಿರುವುದಿಲ್ಲ, ಅಚ್ಚೊತ್ತಿ ಉಬ್ಬಿಸಿರುತ್ತಾರೆ. ಕೈಯಲ್ಲಿ ಹಿಡಿದಾಗ ನಾವು ಗೊತ್ತಿಲ್ಲದೆಯೇ ಹಾಳೆಯನ್ನು ಬೆಳಕಿಗೆ ಓರೆ ಮಾಡಿ ಓದುತ್ತೇವೆ. ಕ್ಯಾಮೆರಾಗೆ ಆ ಬುದ್ಧಿ ಇಲ್ಲ. ಫ್ಲ್ಯಾಶ್ ಹಾಕಿದರೆ ಬೆಳಕು ನೇರವಾಗಿ ಬಿದ್ದು ನೇರವಾಗಿ ವಾಪಸಾಗುತ್ತದೆ, ಫೋಟೋದಲ್ಲಿ ಬರೀ ಬಿಳಿ ಮಚ್ಚೆ ಉಳಿಯುತ್ತದೆ. ಫ್ಲ್ಯಾಶ್ ಆರಿಸಿ, ಕೋಣೆಯ ಬೆಳಕನ್ನೂ ಸ್ವಲ್ಪ ಕಡಿಮೆ ಮಾಡಿ, ಒಂದು ಟಾರ್ಚನ್ನು ಮೇಜಿಗೆ ಹೆಚ್ಚುಕಡಿಮೆ ತಾಗಿಸಿ ಪಕ್ಕದಿಂದ ಹಿಡಿಯಿರಿ. ಉಬ್ಬಿದ ಅಂಕಿಗಳಿಗೆ ಒಂದು ಬದಿಯಲ್ಲಿ ನೆರಳು ಬಿದ್ದು ಕೆತ್ತಿದ ಹಾಗೆ ಎದ್ದು ಕಾಣುತ್ತವೆ. ಕಾಣದಿದ್ದರೆ ಟಾರ್ಚನ್ನು ಹಾಳೆಯ ಇನ್ನೊಂದು ಬದಿಗೆ ತನ್ನಿ. ನಿಂತ ಗೆರೆಯ ಅಂಕಿಗಳಿಗೆ ಎಡಬಲದ ಬೆಳಕು ಬೇಕು, ಅಡ್ಡ ಗೆರೆಗೆ ಮೇಲುಕೆಳಗಿನದು. ಫೋನನ್ನು ತೀರಾ ಹತ್ತಿರ ಒಯ್ಯಬೇಡಿ. ಒಂದು ಗೇಣು ಹಿಂದೆ ಸರಿದು ಎರಡು ಪಟ್ಟು ಝೂಮ್ ಮಾಡಿದರೆ ಫೋಕಸ್ಸೂ ಕೂರುತ್ತದೆ, ಫೋನಿನ ನೆರಳೂ ಬೀಳುವುದಿಲ್ಲ.

ತೆಗೆದ ಮೇಲೆ ಫೋಟೋವನ್ನು ಅಲ್ಲೇ ಹಿಗ್ಗಿಸಿ ಓದಿ, ವಸ್ತು ಕೈಯಲ್ಲಿರುವಾಗಲೇ. ಫೋನು ತಾನೇ ಅಕ್ಷರ ಗುರುತಿಸಿ ಕೊಡುತ್ತದಲ್ಲ ಅನ್ನಬಹುದು. ಶಾಯಿಯ ಮುದ್ರಣಕ್ಕೆ ಅದು ಪರವಾಗಿಲ್ಲ. ಉಬ್ಬಚ್ಚಿನಲ್ಲಿ 3 ಮತ್ತು 8, 1 ಮತ್ತು 7 ಅದಲುಬದಲಾಗುತ್ತವೆ. ಅದಕ್ಕಿಂತ ದೊಡ್ಡ ಎಡವಟ್ಟು, ಹಾಳೆಯಲ್ಲಿ ತಯಾರಿಕೆಯ ತಾರೀಖು, ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಖು ಒಂದರ ಕೆಳಗೊಂದು ಇರುತ್ತವೆ, ಫೋನು ಯಾವುದನ್ನೋ ಎತ್ತಿಕೊಡುತ್ತದೆ. ಎರಡು ತಾರೀಖು ಇದ್ದರೆ ಮುಂದಿನದೇ ಎಕ್ಸ್‌ಪೈರಿ.

ಒಂದೇ ತಾರೀಖು ಉಳಿದಿದ್ದರೆ? ನಮ್ಮ ಮನೆಯಲ್ಲಿ ಸಿಕ್ಕಿದ ಒಂದು ಹಾಳೆ ಹೀಗಿತ್ತು. ಯಾರೋ ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿಕೊಂಡು ಹೋಗಿದ್ದರು, ಅಂಚಿನ ಜೊತೆ ಅರ್ಧ ಬರಹವೂ ಹೋಗಿತ್ತು. ಉಳಿದದ್ದು ಒಂದು ತಿಂಗಳು, ಒಂದು ವರ್ಷ. ತಯಾರಾದದ್ದೋ ಮುಗಿಯುವುದೋ ಹೇಳಲು ದಾರಿ ಇರಲಿಲ್ಲ, ಎಸೆಯುವ ಗುಡ್ಡೆಗೆ ಹಾಕಿದೆ. ಈಗ ಮನೆಯಲ್ಲಿ ಒಂದು ಕಟ್ಟಪ್ಪಣೆ ಇದೆ: ಮಾತ್ರೆ ತೆಗೆಯುವುದು ತಾರೀಖು ಇಲ್ಲದ ತುದಿಯಿಂದ. ಮುಲಾಮಿನ ಟ್ಯೂಬಿಗೆ ಇದು ಹೊಂದುವುದಿಲ್ಲ, ಏಕೆಂದರೆ ಅಲ್ಲಿ ತಾರೀಖು ಅಚ್ಚಾಗಿರುವುದು ಹೆಚ್ಚಾಗಿ ಮುಚ್ಚಿದ ಬಾಲದ ಮೇಲೆ, ನಾವು ಸುರುಳಿ ಸುತ್ತುತ್ತಾ ಬರುವುದೂ ಅಲ್ಲಿಂದಲೇ. ಬಿಚ್ಚಿ, ಹೆಬ್ಬೆರಳಿನಲ್ಲಿ ತೀಡಿ, ಅದೇ ಓರೆ ಬೆಳಕಿನಲ್ಲಿ ಓದಬೇಕು.

ಪಟ್ಟಿಗೆ ಒಂದು ಸ್ಪ್ರೆಡ್‌ಶೀಟ್ ಸಾಕು: ನಂಬರು, ಹೆಸರು, ಒಳಗಿರುವ ಔಷಧಿ, ಎಷ್ಟು ಮಿಲಿಗ್ರಾಂ, ಎಷ್ಟು ಉಳಿದಿದೆ, ಎಕ್ಸ್‌ಪೈರಿ, ತೆರೆದ ದಿನ. ಒಳಗಿರುವ ಔಷಧಿಯ ಹೆಸರಿಗೆ ಬೇರೆಯೇ ಅಂಕಣ ಇಡಿ ಅನ್ನುತ್ತೇನೆ. ನನ್ನ ಪಟ್ಟಿಯಲ್ಲಿ ಮೂರು ಬೇರೆ ಬೇರೆ ಹೆಸರಿನ ಡಬ್ಬಿಗಳ ಎದುರು ಪ್ಯಾರಸಿಟಮಾಲ್ ಅಂತಲೇ ಬಂತು, ಅದರಲ್ಲಿ ಒಂದು ಶೀತದ ಮಾತ್ರೆ. ಜ್ವರಕ್ಕೊಂದು, ಶೀತಕ್ಕೊಂದು ಅಂತ ನುಂಗಿದ್ದರೆ ಒಂದೇ ಔಷಧಿಯನ್ನು ಎರಡು ಸಲ ನುಂಗಿದ ಹಾಗಾಗುತ್ತಿತ್ತು. ತಾರೀಖನ್ನು 2026-07 ಹೀಗೆ ವರ್ಷ ಮೊದಲು ಮಾಡಿ, ಅಕ್ಷರವಾಗಿಯೇ ಉಳಿಯುವಂತೆ ಬರೆಯಿರಿ. 07/26 ಅಂತ ಬರೆದರೆ ವಿಂಗಡಿಸಿದಾಗ ಬೇರೆ ಬೇರೆ ವರ್ಷದ ಜನವರಿಗಳೆಲ್ಲ ಒಂದು ಕಡೆ ಗುಂಪಾಗುತ್ತವೆ, ಅಥವಾ ಸ್ಪ್ರೆಡ್‌ಶೀಟು ಅದನ್ನು ಜುಲೈ 26 ಅಂದುಕೊಳ್ಳಬಹುದು. ಎಕ್ಸ್‌ಪೈರಿ ಅಂತ ಬರೀ ತಿಂಗಳು, ವರ್ಷ ಕೊಟ್ಟಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಲೆಕ್ಕ.

‘ತೆರೆದ ದಿನ’ ಯಾಕೆ ಅಂದರೆ, ಡಬ್ಬಿಯ ಮೇಲಿನ ತಾರೀಖು ಸೀಲು ಒಡೆಯದ ಔಷಧಿಗೆ ಮಾತ್ರ. ಕಣ್ಣಿನ ಹನಿಯ ಬಾಟಲಿಯನ್ನು ತೆರೆದ ಸುಮಾರು 4 ವಾರಕ್ಕೆ ಬಿಸಾಡಲು ಸಾಮಾನ್ಯವಾಗಿ ಹೇಳುತ್ತಾರೆ. ನೀರು ಬೆರೆಸಿ ಮಾಡುವ ಆ್ಯಂಟಿಬಯೋಟಿಕ್ ಸಿರಪ್ಪಿಗೆ ಇರುವುದು ಒಂದೆರಡು ವಾರ ಅಷ್ಟೇ. ಸರಿಯಾದ ಲೆಕ್ಕ ಒಳಗಿನ ಚೀಟಿಯಲ್ಲಿರುತ್ತದೆ. ಆ ಚೀಟಿಯನ್ನೂ ಒಂದು ಫೋಟೋ ತೆಗೆದುಬಿಡಿ, ಕಳೆದುಹೋಗುವುದರಲ್ಲಿ ಅದೇ ಮೊದಲು.

ಜೂನ್ 20ರಂದು ಅಮ್ಮ ಕಣ್ಣು ಕೆರೆಯುತ್ತಿದೆ ಅಂತ ಹನಿ ಬಾಟಲಿ ಕೈಗೆತ್ತಿಕೊಂಡರು. ಎಕ್ಸ್‌ಪೈರಿಗೆ ಇನ್ನೂ ಒಂಬತ್ತು ತಿಂಗಳಿತ್ತು. “ಮೊನ್ನೆ ಮೊನ್ನೆ ತೆರೆದಿದ್ದು ಕಣೋ, ಏನೂ ಆಗಲ್ಲ” ಅಂದರು. ಪಟ್ಟಿಯಲ್ಲಿ ತೆರೆದ ದಿನದ ಅಂಕಣ ಖಾಲಿ. ಕಪಾಟಿಗೆ ಹೊಸದೇನಾದರೂ ಸೇರಿದಾಗ ಆ ಸಾಲಿನ ಒಂದು ಫೋಟೋ ತೆಗೆಯುವುದು ನನ್ನ ಅಭ್ಯಾಸ, ಅದನ್ನೇ ತಿರುವಿ ನೋಡಿದೆ. ಫೆಬ್ರವರಿಯದರಲ್ಲಿ ಮುಚ್ಚಳದ ಕೆಳಗಿನ ಪ್ಲಾಸ್ಟಿಕ್ ಉಂಗುರ ಮುಚ್ಚಳಕ್ಕೇ ಅಂಟಿಕೊಂಡಿದೆ. ಏಪ್ರಿಲ್ 3ರದರಲ್ಲಿ ಉಂಗುರ ಕಳಚಿ ಕತ್ತಿನ ಮೇಲೆ ಕೂತಿದೆ. ಅಂದರೆ ಕಡಿಮೆ ಅಂದರೂ 78 ದಿನದಿಂದ ಬಾಟಲಿ ತೆರೆದಿದೆ. ಯಾವತ್ತು ತೆರೆದರೋ ನನಗೂ ಗೊತ್ತಿಲ್ಲ, ಅಮ್ಮನಿಗೂ ನೆನಪಿಲ್ಲ. ಫೋಟೋಗೆ ಅಷ್ಟರ ಮಟ್ಟಿಗೆ ನೆನಪಿತ್ತು. ಅಮ್ಮ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಎರಡು ಸಲ ನೋಡಿ, ಬಾಟಲಿ ವಾಪಸ್ ಕೊಟ್ಟರು.

ಆ ಸಲ ಮೇಜಿನ ಮೇಲೆ ಇಳಿದದ್ದು 34, ವಾಪಸ್ ಕಪಾಟಿಗೆ ಹೋದದ್ದು 25. ಉಳಿದ ಒಂಬತ್ತನ್ನು ಸಿಂಕಿಗೆ ಸುರಿಯದೆ, ಹಳೆಯ ಔಷಧಿ ವಾಪಸ್ ತೆಗೆದುಕೊಳ್ಳುವ ಕಡೆ ಕೊಟ್ಟು ಬಂದೆ. ಚೀಟಿ ಅಂಟಿಸಿದ ಬಾಟಲಿಗಳ ಮೇಲಿದ್ದ ರೋಗಿಯ ಹೆಸರನ್ನು ಮೊದಲೇ ಕಪ್ಪು ಬಳಿದಿದ್ದೆ. ಅದೇ ಕಾರಣಕ್ಕೆ ಈ ಫೋಟೋಗಳನ್ನು ಬಂಧುಗಳ ಗುಂಪಿಗೆ ಹಾಕುವುದಿಲ್ಲ: ಯಾರಿಗೆ ಯಾವ ಕಾಯಿಲೆ ಅನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಕಪಾಟಿನ ಬಾಗಿಲಿಗೆ ಒಳಗಡೆ ಈಗ ಒಂದು ಮಾರ್ಕರ್ ಪೆನ್ನನ್ನು ದಾರ ಕಟ್ಟಿ ನೇತುಹಾಕಿದ್ದೇನೆ. ಹೊಸ ಹನಿ ಬಾಟಲಿಯ ಮೇಲೆ ಅಮ್ಮನ ಅಕ್ಷರದಲ್ಲಿ ‘ಜೂನ್ 21’ ಅಂತಿದೆ.